ವೈರ್‌ಲೆಸ್ ಕೀಬೋರ್ಡಿನ ಬ್ಯಾಟರಿ: ಬಟನ್ ಸೆಲ್ ಸಾಕೇ, ಚಾರ್ಜ್ ಆಗುವ ಪ್ಯಾಕ್ ಬೇಕೇ, ಬ್ಯಾಕ್‌ಲೈಟ್ ಎಷ್ಟು ತಿನ್ನುತ್ತದೆ?

ಲಾಜಿಟೆಕ್ ಕಂಪನಿಯ ಎಂಎಕ್ಸ್ ಕೀಸ್ ಕೀಬೋರ್ಡಿನಲ್ಲಿ 1500 ಎಂಎಎಚ್ ಬ್ಯಾಟರಿ ಇದೆ. ಒಂದು ಸಲ ಪೂರ್ತಿ ಚಾರ್ಜ್ ಮಾಡಿದರೆ ಬ್ಯಾಕ್‌ಲೈಟ್ ಬಳಸುವವರಿಗೆ 10 ದಿನ, ಆರಿಸಿ ಇಟ್ಟವರಿಗೆ 5 ತಿಂಗಳು ಬರುತ್ತದೆ ಎಂದು ಕಂಪನಿಯೇ ಹೇಳುತ್ತದೆ. ಈ ಎರಡು ಅಂಕಿಗಳನ್ನು ಭಾಗಿಸಿ ನೋಡಿ. 1500 ಎಂಎಎಚ್ 10 ದಿನದಲ್ಲಿ ಮುಗಿದರೆ ದಿನಕ್ಕೆ 150 ಎಂಎಎಚ್ ಖರ್ಚು. ಅದೇ 150 ದಿನ ಬಂದರೆ ದಿನಕ್ಕೆ 10. ಅಂದರೆ ಟೈಪ್ ಮಾಡುವುದು, ಬ್ಲೂಟೂತ್ ಸಂಪರ್ಕ ಉಳಿಸಿಕೊಳ್ಳುವುದು, ರಾತ್ರಿಯಿಡೀ ಎಚ್ಚರಕ್ಕೆ ಕಾದಿರುವುದು ಎಲ್ಲ ಸೇರಿ ಬೇಕಾಗುವುದು 10. ಉಳಿದ 140 ಕೀಲಿಗಳ ಕೆಳಗಿನ ದೀಪಗಳ ಪಾಲು.

ಬ್ಯಾಟರಿ ಬೇಗ ಖಾಲಿಯಾಗುತ್ತದೆ ಎಂದಾಗ ಹೆಚ್ಚಿನವರು ಬ್ಲೂಟೂತ್ ಮೇಲೋ ಬ್ಯಾಟರಿಯ ಗುಣಮಟ್ಟದ ಮೇಲೋ ಅನುಮಾನ ಪಡುತ್ತಾರೆ. ಬ್ಯಾಕ್‌ಲೈಟ್ ಇರುವ ಕೀಬೋರ್ಡಿನಲ್ಲಿ ಮೊದಲು ನೋಡಬೇಕಾದದ್ದು ದೀಪವನ್ನು. ಯಾವ ಬ್ಯಾಟರಿ ಹಾಕಬೇಕು ಎಂಬ ಪ್ರಶ್ನೆಗೂ ಉತ್ತರ ಅಲ್ಲೇ ಸಿಗುತ್ತದೆ. ಈ ಮಾರ್ಗದರ್ಶಿಯಲ್ಲಿ ಮೊದಲು ದಿನದ ಖರ್ಚನ್ನು ಅಳೆಯೋಣ, ಆಮೇಲೆ ಬ್ಯಾಟರಿ ಆರಿಸೋಣ, ಕೊನೆಗೆ ಬೆಳಕನ್ನು ಹದಕ್ಕೆ ತರೋಣ.

## ಹಂತ 1: ದಿನದ ಖರ್ಚು ಅಳೆಯಿರಿ

ಯುಎಸ್‌ಬಿಯಿಂದ ಚಾರ್ಜ್ ಆಗುವ ಕೀಬೋರ್ಡಾದರೆ ಬೇಕಾಗುವುದು ಒಂದು ಯುಎಸ್‌ಬಿ ಮೀಟರ್ ಮಾತ್ರ. ಚಾರ್ಜರಿಗೂ ಕೇಬಲ್ಲಿಗೂ ನಡುವೆ ಸಿಕ್ಕಿಸುವ ಪುಟ್ಟ ಡಬ್ಬಿ ಅದು. ಹರಿದ ಎಂಎಎಚ್ ಎಷ್ಟು ಎಂದು ಕೂಡಿಸುತ್ತಾ ಹೋಗುವ ಮಾದರಿಯನ್ನೇ ತೆಗೆದುಕೊಳ್ಳಿ. ವೋಲ್ಟು ಮತ್ತು ಕರೆಂಟು ಮಾತ್ರ ತೋರಿಸುವುದು ಈ ಕೆಲಸಕ್ಕೆ ಸಾಲದು.

1. ಕೀಬೋರ್ಡನ್ನು ಪೂರ್ತಿ ಚಾರ್ಜ್ ಮಾಡಿ ಕೇಬಲ್ ತೆಗೆಯಿರಿ. ಮೀಟರನ್ನು ಸೊನ್ನೆಗೆ ತನ್ನಿ.
2. ಒಂದು ವಾರ ನಿಮ್ಮ ರೂಢಿಯಂತೆ, ರೂಢಿಯ ಬೆಳಕಿನಲ್ಲೇ ಬಳಸಿ. ಮಧ್ಯೆ ಕೇಬಲ್ ಹಾಕಬೇಡಿ. ವಾರ ಪೂರೈಸುವ ಮೊದಲೇ ಬ್ಯಾಟರಿ ಮುಗಿಯುವಂತಿದ್ದರೆ ಮೂರು ದಿನವಾದರೂ ಸಾಕು, ದಿನಗಳ ಲೆಕ್ಕ ಬರೆದಿಟ್ಟುಕೊಳ್ಳಿ.
3. ಬ್ಯಾಕ್‌ಲೈಟ್ ಆರಿಸಿ, ಮೀಟರಿನ ಮೂಲಕ ಮತ್ತೆ ಪೂರ್ತಿ ಚಾರ್ಜ್ ಮಾಡಿ. ಚಾರ್ಜ್ ಆಗುವಾಗ ಕೀಬೋರ್ಡ್ ಮುಟ್ಟಬೇಡಿ. ಮುಟ್ಟಿದರೆ ಆ ಖರ್ಚೂ ಮೀಟರಿಗೆ ಸೇರಿ ಲೆಕ್ಕ ಕೆಡುತ್ತದೆ.
4. ಮೀಟರ್ ತೋರಿಸಿದ ಎಂಎಎಚ್ ಅನ್ನು ದಿನಗಳಿಂದ ಭಾಗಿಸಿ.
5. ದೀಪ ಪೂರ್ತಿ ಆರಿಸಿ ಇದನ್ನೇ ಇನ್ನೊಂದು ವಾರ ಮಾಡಿ. ಎರಡು ಉತ್ತರಗಳ ವ್ಯತ್ಯಾಸವೇ ದೀಪದ ಖರ್ಚು.

ಸಣ್ಣ ಕೀಬೋರ್ಡ್ ಬೋರ್ಡುಗಳಲ್ಲಿ ಸಾಮಾನ್ಯವಾಗಿ ಲೀನಿಯರ್ ಚಾರ್ಜರ್ ಐಸಿ ಇರುತ್ತದೆ. ಯುಎಸ್‌ಬಿಯಿಂದ ಎಷ್ಟು ಕರೆಂಟು ಎಳೆಯುತ್ತದೋ ಹೆಚ್ಚುಕಡಿಮೆ ಅಷ್ಟನ್ನೇ ಅದು ಬ್ಯಾಟರಿಗೆ ಕೊಟ್ಟು, ಹೆಚ್ಚಿನ ವೋಲ್ಟೇಜನ್ನು ಶಾಖವಾಗಿ ಕಳೆಯುತ್ತದೆ. ಹಾಗಾಗಿ ಮೀಟರಿನ ಎಂಎಎಚ್ ಅನ್ನು ಬ್ಯಾಟರಿಯ ಎಂಎಎಚ್ ಎಂದೇ ಹಿಡಿದುಕೊಳ್ಳಬಹುದು.

ಬಟನ್ ಸೆಲ್ ಹಾಕುವ ಕೀಬೋರ್ಡಿಗೆ ಈ ದಾರಿ ಇಲ್ಲ. ಅಲ್ಲಿ 10 ಓಮ್‌ನ ಒಂದು ರೆಸಿಸ್ಟರ್ ಮತ್ತು ಸಾಧಾರಣ ಮಲ್ಟಿಮೀಟರ್ ಸಾಕು. ಒಂದು ಚೂರು ಕಾಗದದ ಎರಡೂ ಬದಿಗೆ ತಾಮ್ರದ ಟೇಪ್ ಅಂಟಿಸಿ. ಎರಡು ಬದಿಯ ತಾಮ್ರ ಒಂದಕ್ಕೊಂದು ತಾಗಬಾರದು, ಅಂಚಿನಲ್ಲಿ ಒಂದೆರಡು ಮಿಲಿಮೀಟರ್ ಬರೀ ಕಾಗದ ಉಳಿಯಲಿ. ಈ ಪಟ್ಟಿಯನ್ನು ಸೆಲ್ಲಿಗೂ ಹೋಲ್ಡರಿನ ಪ್ಲಸ್ ತಗಡಿಗೂ ನಡುವೆ ತೂರಿಸಿ, ಎರಡು ಬದಿಗಳ ಮಧ್ಯೆ ರೆಸಿಸ್ಟರ್ ಬೆಸೆಯಿರಿ. ಈಗ ಕೀಬೋರ್ಡಿಗೆ ಹೋಗುವ ಕರೆಂಟೆಲ್ಲ ರೆಸಿಸ್ಟರ್ ಮೂಲಕವೇ ಹೋಗಬೇಕು. ಮೀಟರನ್ನು ಮಿಲಿವೋಲ್ಟ್‌ಗೆ ಇಟ್ಟು ರೆಸಿಸ್ಟರಿನ ಎರಡು ತುದಿಗೆ ಹಿಡಿಯಿರಿ. 10 ಮಿಲಿವೋಲ್ಟ್ ತೋರಿಸಿದರೆ 1 ಮಿಲಿಯಾಂಪ್ ಹರಿಯುತ್ತಿದೆ ಎಂದರ್ಥ.

ಮೀಟರಿನಲ್ಲೇ ಮೈಕ್ರೋಆಂಪ್ ಮಾಪಕ ಇರುವಾಗ ಇಷ್ಟೆಲ್ಲ ಯಾಕೆ ಎನಿಸಬಹುದು. ಆ ಮಾಪಕದ ಒಳಗೆ ನೂರು ಓಮ್ ಅಥವಾ ಅದಕ್ಕೂ ಹೆಚ್ಚಿನ ರೆಸಿಸ್ಟರ್ ಇರುವುದು ಸಾಮಾನ್ಯ. ರೇಡಿಯೋ ಒಂದು ಕ್ಷಣ ಹೆಚ್ಚು ಕರೆಂಟು ಕೇಳಿದೊಡನೆ ಅಲ್ಲೇ ವೋಲ್ಟೇಜ್ ಕುಸಿದು ಕೀಬೋರ್ಡ್ ರೀಸೆಟ್ ಆಗುತ್ತದೆ. ಅಳತೆಯೇ ತೊಂದರೆ ತಂದಿಡುತ್ತದೆ.

ಟೈಪ್ ಮಾಡುವಾಗ ಒಂದು ಅಳತೆ, ಕೈ ತೆಗೆದು ಒಂದು ನಿಮಿಷದ ಬಳಿಕ ಇನ್ನೊಂದು, ಕೀಬೋರ್ಡ್ ಪೂರ್ತಿ ನಿದ್ರೆಗೆ ಹೋದಮೇಲೆ ಮತ್ತೊಂದು ತೆಗೆದುಕೊಳ್ಳಿ. ಪ್ರತಿಯೊಂದನ್ನೂ ದಿನದಲ್ಲಿ ಅದು ನಡೆಯುವ ಗಂಟೆಗಳಿಂದ ಗುಣಿಸಿ ಕೂಡಿಸಿದರೆ ದಿನದ ಖರ್ಚು ಸಿಗುತ್ತದೆ. ಟೈಪಿಂಗ್ 1 ಮಿಲಿಯಾಂಪ್‌ನಂತೆ 3 ಗಂಟೆ, ಕಾಯುವಿಕೆ 0.2 ಮಿಲಿಯಾಂಪ್‌ನಂತೆ 5 ಗಂಟೆ, ಉಳಿದ 16 ಗಂಟೆ ನಿದ್ರೆ ಎಂದಿಟ್ಟುಕೊಳ್ಳಿ. 3 ಮತ್ತು 1 ಸೇರಿ 4 ಎಂಎಎಚ್. ನಿದ್ರೆಯಲ್ಲಿ ಕೆಲವೇ ಮೈಕ್ರೋಆಂಪ್ ಹರಿಯುತ್ತಿದ್ದರೆ ಅದನ್ನು ಲೆಕ್ಕಕ್ಕೆ ಹಿಡಿಯುವುದೇ ಬೇಡ.

## ಹಂತ 2: ಬಟನ್ ಸೆಲ್ ಒಗ್ಗುತ್ತದೆಯೇ ನೋಡಿ

ಕೀಬೋರ್ಡುಗಳಲ್ಲಿ ಹೆಚ್ಚಾಗಿ ಕಾಣುವುದು ಸಿಆರ್2032. ಹೆಸರಿನಲ್ಲೇ ಅಳತೆ ಇದೆ: 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ. 3 ವೋಲ್ಟು, ಸುಮಾರು 220 ಎಂಎಎಚ್. ಮೇಲಿನ 4 ಎಂಎಎಚ್ ಕೀಬೋರ್ಡಿಗೆ ಇದು ಕಾಗದದ ಮೇಲೆ 55 ದಿನ ಬರಬೇಕು. ಆದರೆ ಸೆಲ್ಲಿನ ಮೇಲಿನ ಆ ಎಂಎಎಚ್ ತೀರಾ ಕಡಿಮೆ ಕರೆಂಟಿನಲ್ಲಿ, ಸುಮಾರು 0.2 ಮಿಲಿಯಾಂಪ್‌ನಂತೆ, ನಿಧಾನವಾಗಿ ಖಾಲಿ ಮಾಡಿ ಅಳೆದದ್ದು. ಜೋರಾಗಿ ಎಳೆದರೆ ಅಷ್ಟು ಕೊಡುವುದಿಲ್ಲ. 40ರಿಂದ 45 ದಿನ ಎಂದು ಎಣಿಸಿಕೊಂಡರೆ ಮೋಸವಿಲ್ಲ.

ಬಟನ್ ಸೆಲ್ಲಿನ ಮುಖ್ಯ ದೌರ್ಬಲ್ಯ ಅದರ ಗಾತ್ರವಲ್ಲ, ಒಳಗಿನ ಪ್ರತಿರೋಧ. ಹೊಸ ಸೆಲ್ಲಿನಲ್ಲಿ ಇದು ಹತ್ತು ಇಪ್ಪತ್ತು ಓಮ್ ಇದ್ದರೆ, ಮುಗಿಯುವ ಹೊತ್ತಿಗೆ ನೂರು ಓಮ್ ದಾಟಬಹುದು. ಬ್ಲೂಟೂತ್ ಕೀಬೋರ್ಡುಗಳಲ್ಲಿ ತುಂಬ ಬಳಕೆಯಲ್ಲಿರುವ ಎನ್‌ಆರ್‌ಎಫ್52840 ಚಿಪ್ಪಿನ ರೇಡಿಯೋ ಸಾಧಾರಣ ಶಕ್ತಿಯಲ್ಲಿ ಕಳುಹಿಸುವಾಗ ಸುಮಾರು 5 ಮಿಲಿಯಾಂಪ್ ಎಳೆಯುತ್ತದೆ. ರೇಂಜ್ ಹೆಚ್ಚಲಿ ಎಂದು ಗರಿಷ್ಠ ಶಕ್ತಿಗೆ, ಅಂದರೆ ಪ್ಲಸ್ 8 ಡಿಬಿಎಂಗೆ ಏರಿಸಿದರೆ ಸುಮಾರು 15 ಮಿಲಿಯಾಂಪ್. 100 ಓಮ್ ಪ್ರತಿರೋಧದ ಹಳೆಯ ಸೆಲ್ಲಿನಿಂದ 15 ಮಿಲಿಯಾಂಪ್ ಎಳೆದರೆ 1.5 ವೋಲ್ಟು ಸೆಲ್ಲಿನ ಒಳಗೇ ಕರಗಿಹೋಗುತ್ತದೆ. 2.8 ವೋಲ್ಟಿನ ಸೆಲ್ಲಿನಲ್ಲಿ ಚಿಪ್ಪಿಗೆ ಉಳಿಯುವುದು 1.3 ವೋಲ್ಟು. ಚಿಪ್ಪಿಗೆ ಕನಿಷ್ಠ 1.7 ವೋಲ್ಟು ಬೇಕು. ಅದು ರೀಸೆಟ್ ಆಗುತ್ತದೆ.

ಇದರ ಲಕ್ಷಣ ಸ್ಪಷ್ಟವಾಗಿರುತ್ತದೆ. ಬೆಳಗ್ಗೆ ಕೀಬೋರ್ಡ್ ಚೆನ್ನಾಗಿ ಕೂಡಿಕೊಳ್ಳುತ್ತದೆ, ವೇಗವಾಗಿ ಟೈಪ್ ಮಾಡತೊಡಗಿದರೆ ಸಂಪರ್ಕ ಕಡಿಯುತ್ತದೆ, ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಸರಿಹೋಗುತ್ತದೆ. ಸೆಲ್ ಹೊರತೆಗೆದು ಮಲ್ಟಿಮೀಟರ್ ಹಿಡಿದರೆ 2.8 ವೋಲ್ಟು ತೋರಿಸುತ್ತದೆ. ಸೆಲ್ ಸರಿಯಾಗಿದೆ, ಬ್ಲೂಟೂತೇ ಕೆಟ್ಟಿದೆ ಎಂದು ಜನ ತೀರ್ಮಾನಿಸುವುದು ಇಲ್ಲೇ. ಯಾವ ಹೊರೆಯೂ ಇಲ್ಲದೆ ಅಳೆದ ವೋಲ್ಟೇಜಿನಿಂದ ಬಟನ್ ಸೆಲ್ಲಿನ ಸ್ಥಿತಿ ಗೊತ್ತಾಗುವುದಿಲ್ಲ. 470 ಓಮ್ ರೆಸಿಸ್ಟರನ್ನು ಸೆಲ್ಲಿನ ಎರಡು ಮುಖಗಳಿಗೆ ಎರಡು ಸೆಕೆಂಡ್ ಹಿಡಿದು, ಹಿಡಿದಿರುವಾಗಲೇ ವೋಲ್ಟೇಜ್ ನೋಡಿ. ಹೊಸ ಸೆಲ್ 3 ವೋಲ್ಟಿನ ಆಸುಪಾಸಿನಲ್ಲೇ ನಿಲ್ಲುತ್ತದೆ. 2.5ಕ್ಕಿಂತ ಕೆಳಗೆ ಇಳಿದರೆ ಸೆಲ್ ಬದಲಿಸಿ.

ನೀವೇ ಕೀಬೋರ್ಡ್ ಕಟ್ಟುವವರಾದರೆ ಸೆಲ್ಲಿನ ಪಕ್ಕದಲ್ಲೇ 100 ಮೈಕ್ರೋಫ್ಯಾರಡ್‌ನ ಸೆರಾಮಿಕ್ ಕೆಪಾಸಿಟರ್ ಹಾಕಿ. ಕಳುಹಿಸುವ ಒಂದೆರಡು ಮಿಲಿಸೆಕೆಂಡಿನ ಹೊರೆಯನ್ನು ಅದು ಹೊತ್ತುಕೊಳ್ಳುತ್ತದೆ: 5 ಮಿಲಿಯಾಂಪ್ 2 ಮಿಲಿಸೆಕೆಂಡ್ ಹರಿದರೆ ಅದರ ವೋಲ್ಟೇಜ್ ಇಳಿಯುವುದು 0.1 ವೋಲ್ಟು ಮಾತ್ರ. 10 ವೋಲ್ಟಿನ ರೇಟಿಂಗ್ ಸಾಕು, ಆದರೆ 4 ವೋಲ್ಟಿನದ್ದು ಬೇಡ. ರೇಟಿಂಗಿನ ಹತ್ತಿರ ಬಂದಷ್ಟೂ ಸೆರಾಮಿಕ್ ಕೆಪಾಸಿಟರಿನ ನಿಜವಾದ ಸಾಮರ್ಥ್ಯ ಕುಗ್ಗುತ್ತದೆ. ಅಗ್ಗದ ಎಲೆಕ್ಟ್ರೋಲಿಟಿಕ್ ಹಾಕಿದರೆ ಅದರೊಳಗೇ ಸದಾ ಸೋರುವ ಕರೆಂಟು ಕೀಬೋರ್ಡಿನ ನಿದ್ರೆಯ ಖರ್ಚಿಗಿಂತ ಹೆಚ್ಚಾಗಬಹುದು.

ಬ್ಯಾಕ್‌ಲೈಟಿಗೆ ಬಟನ್ ಸೆಲ್ ಒಗ್ಗುವುದೇ ಇಲ್ಲ. ಬಿಳಿ ಎಲ್‌ಇಡಿ ಸರಿಯಾಗಿ ಬೆಳಗಲು ಸುಮಾರು 3 ವೋಲ್ಟು ಬೇಕು. ಸೆಲ್ಲೇ 3 ವೋಲ್ಟಿನದ್ದು, ಹೊರೆ ಬಿದ್ದೊಡನೆ ಇನ್ನೂ ಇಳಿಯುತ್ತದೆ. ವೋಲ್ಟೇಜ್ ಏರಿಸುವ ಸರ್ಕ್ಯೂಟ್ ಹಾಕಿದರೂ ಹತ್ತಾರು ಮಿಲಿಯಾಂಪ್ ಸತತವಾಗಿ ಕೊಡುವ ತಾಕತ್ತು ಅದಕ್ಕಿಲ್ಲ. ಬಟನ್ ಸೆಲ್ ಕೀಬೋರ್ಡ್ ಎಂದರೆ ದೀಪವಿಲ್ಲದ ಕೀಬೋರ್ಡ್.

ಎಲ್‌ಐಆರ್2032 ಎಂಬ ಚಾರ್ಜ್ ಆಗುವ ಬಟನ್ ಸೆಲ್ ಅದೇ ಗೂಡಿಗೆ ಸಲೀಸಾಗಿ ಕೂರುತ್ತದೆ. ಅದೇ ಅಪಾಯ. ಪೂರ್ತಿ ಚಾರ್ಜ್ ಆದಾಗ ಅದು 4.2 ವೋಲ್ಟು. ಸಿಆರ್2032ಕ್ಕೆಂದೇ ಚಿಪ್ಪಿಗೆ ನೇರವಾಗಿ ಜೋಡಿಸಿದ ಬೋರ್ಡಿನಲ್ಲಿ ಚಿಪ್ಪಿನ ಮಿತಿ 3.6 ವೋಲ್ಟು, ಹಾಗಾಗಿ ಚಿಪ್ಪೇ ಸುಟ್ಟುಹೋಗಬಹುದು. ಒಗ್ಗಿದರೂ ಲಾಭ ಕಡಿಮೆ: ಅದರ ಸಾಮರ್ಥ್ಯ ಸುಮಾರು 40 ಎಂಎಎಚ್, ಸಿಆರ್2032ರ ಐದನೇ ಒಂದು ಪಾಲು. ತಿರುಗುಮುರುಗಾಗಿ ಸಿಆರ್2032 ಅನ್ನು ಚಾರ್ಜರಿಗೆ ಹಾಕುವುದಂತೂ ಕೂಡದು. ಅದು ಚಾರ್ಜ್ ಆಗುವ ಸೆಲ್ ಅಲ್ಲ, ಬಿಸಿಯಾಗಿ ಒಡೆಯಬಹುದು.

ಹೊಸ ಸೆಲ್ ಹಾಕಿದರೂ ಕೀಬೋರ್ಡ್ ಎಚ್ಚರವಾಗದಿದ್ದರೆ ಸೆಲ್ಲಿನ ಮೇಲೆ ಕಹಿ ಲೇಪನವಿದೆಯೇ ನೋಡಿ. ಮಕ್ಕಳು ಬಾಯಿಗೆ ಹಾಕಿಕೊಳ್ಳದಿರಲಿ ಎಂದು ಕೆಲವು ತಯಾರಕರು ಹಚ್ಚುವ ಈ ಪದರ ಕೆಲವು ಹೋಲ್ಡರುಗಳಲ್ಲಿ ಸಂಪರ್ಕಕ್ಕೆ ಅಡ್ಡಿಯಾಗುತ್ತದೆ. ಲೇಪನದ ಉದ್ದೇಶ ಮಾತ್ರ ದೊಡ್ಡದು. ನುಂಗಿದ ಲಿಥಿಯಂ ಬಟನ್ ಸೆಲ್ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಗಂಭೀರವಾಗಿ ಸುಡಬಲ್ಲದು, ಖಾಲಿ ಎಂದು ತೆಗೆದಿಟ್ಟ ಸೆಲ್ಲಿಗೂ ಅಷ್ಟು ಶಕ್ತಿ ಉಳಿದಿರುತ್ತದೆ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಸ್ಕ್ರೂ ಮುಚ್ಚಳವಿಲ್ಲದ ಬಟನ್ ಸೆಲ್ ಕೀಬೋರ್ಡ್ ಇಡಬೇಡಿ. ಹಳೆಯ ಸೆಲ್ಲಿನ ಎರಡೂ ಮುಖಕ್ಕೆ ಟೇಪ್ ಸುತ್ತಿ ಇ-ತ್ಯಾಜ್ಯ ಸಂಗ್ರಹಕ್ಕೆ ಕೊಡಿ.

ದೀಪವಿಲ್ಲದ ದೊಡ್ಡ ಕೀಬೋರ್ಡಿಗೆ ಎರಡು ಎಎಎ ಸೆಲ್‌ಗಳೇ ಒಳ್ಳೆಯ ಆಯ್ಕೆ. ಆಲ್ಕಲೈನ್ ಎಎಎಯಲ್ಲಿ ಸುಮಾರು 1000 ಎಂಎಎಚ್ ಇರುತ್ತದೆ, ಎಲ್ಲ ಅಂಗಡಿಯಲ್ಲೂ ಸಿಗುತ್ತದೆ, ಒಳಪ್ರತಿರೋಧದ ಕಾಟವಿಲ್ಲ. ಎರಡನ್ನು ಸಾಲಾಗಿ ಜೋಡಿಸಿದಾಗ ವೋಲ್ಟೇಜ್ ಇಮ್ಮಡಿಯಾಗುತ್ತದೆ, ಎಂಎಎಚ್ ಇಮ್ಮಡಿಯಾಗುವುದಿಲ್ಲ ಎಂಬುದನ್ನು ಲೆಕ್ಕದಲ್ಲಿ ಮರೆಯಬೇಡಿ. ಚಾರ್ಜ್ ಆಗುವ ನಿಕಲ್ ಮೆಟಲ್ ಹೈಡ್ರೈಡ್ ಸೆಲ್ ಹಾಕಿದರೆ ಅದು 1.2 ವೋಲ್ಟಿನದ್ದಾದ್ದರಿಂದ ಕೀಬೋರ್ಡ್ ಮೊದಲ ದಿನವೇ ಬ್ಯಾಟರಿ ಕಡಿಮೆ ಎನ್ನಬಹುದು. ಗಾಬರಿ ಬೇಡ, ಅದೇ ವೋಲ್ಟೇಜಿನಲ್ಲಿ ಬಹಳ ಕಾಲ ನಿಲ್ಲುತ್ತದೆ.

## ಹಂತ 3: ಪ್ಯಾಕ್ ಆರಿಸುವಾಗ

ಲಿಥಿಯಂ ಪಾಲಿಮರ್ ಪ್ಯಾಕಿನ ಮೇಲಿನ ಆರಂಕಿಯ ಸಂಖ್ಯೆಯೇ ಅದರ ಅಳತೆ. 301230 ಎಂದರೆ 3.0 ಮಿಲಿಮೀಟರ್ ದಪ್ಪ, 12 ಅಗಲ, 30 ಉದ್ದ. ಸಾಮರ್ಥ್ಯ ಸುಮಾರು 110 ಎಂಎಎಚ್. ಕೈಯಾರೆ ಕಟ್ಟುವ ಸಣ್ಣ ಕೀಬೋರ್ಡುಗಳಲ್ಲಿ ಕಂಟ್ರೋಲರ್ ಬೋರ್ಡಿನ ಅಡಿಯಲ್ಲಿ ಕೂರುವುದು ಇದೇ. ಜಾಗವಿದ್ದರೆ ದಪ್ಪವನ್ನು ಹೆಚ್ಚಿಸಿ. ಪ್ಯಾಕ್ ಅನ್ನು ಒತ್ತಿ ಕೂರಿಸುವಂತಾಗಬಾರದು. ಬಳಸುತ್ತಾ ಅದು ತುಸು ಉಬ್ಬುತ್ತದೆ, ಅದಕ್ಕೂ ಅರ್ಧ ಮಿಲಿಮೀಟರ್ ಜಾಗ ಬಿಡಿ.

ಆಮೇಲೆ ನೋಡಬೇಕಾದದ್ದು ಚಾರ್ಜ್ ಆಗುವ ವೇಗ. ಪ್ಯಾಕಿನ ಸಾಮರ್ಥ್ಯದ ಅಂಕಿಯನ್ನು ಚಾರ್ಜ್ ಕರೆಂಟಿನ ಅಂಕಿ ಮೀರಬಾರದು, ಅದರ ಅರ್ಧದಷ್ಟಿದ್ದರೆ ಪ್ಯಾಕ್ ಹೆಚ್ಚು ಬಾಳುತ್ತದೆ. ನೈಸ್ ನ್ಯಾನೋ ಎಂಬ ಜನಪ್ರಿಯ ಬೋರ್ಡು 100 ಮಿಲಿಯಾಂಪ್‌ನಂತೆ ಚಾರ್ಜ್ ಮಾಡುತ್ತದೆ, ಹಾಗಾಗಿ 110 ಎಂಎಎಚ್ ಪ್ಯಾಕ್ ಅದಕ್ಕೆ ಕನಿಷ್ಠ ಮಿತಿ. ಅದೇ ಬೋರ್ಡಿಗೆ 40 ಎಂಎಎಚ್‌ನ ಎಲ್‌ಐಆರ್2032 ಜೋಡಿಸಿದರೆ ಸೆಲ್ಲಿನ ಅಳತೆಗೆ ಎರಡೂವರೆ ಪಟ್ಟು ವೇಗದಲ್ಲಿ ಚಾರ್ಜ್ ಆಗಿ ಬಿಸಿಯಾಗುತ್ತದೆ. ಬೋರ್ಡಿನ ಹಿಂದೆ ಒಂದು ಸೋಲ್ಡರ್ ಜಂಪರ್ ಇದೆ, ಅದನ್ನು ಬೆಸೆದರೆ ಚಾರ್ಜ್ ಕರೆಂಟು 500 ಮಿಲಿಯಾಂಪ್‌ಗೆ ಏರುತ್ತದೆ. 500 ಎಂಎಎಚ್‌ಗಿಂತ ಚಿಕ್ಕ ಪ್ಯಾಕ್ ಇದ್ದರೆ ಅದನ್ನು ಮುಟ್ಟಬೇಡಿ.

ಪ್ಯಾಕ್ ಜೋಡಿಸುವ ಮುಂಚೆ ಮಲ್ಟಿಮೀಟರಿನಲ್ಲಿ ಪ್ಲಸ್ ಮೈನಸ್ ಪರೀಕ್ಷಿಸಿ. ಎರಡು ಪಿನ್ನಿನ ಜೆಎಸ್‌ಟಿ ಕನೆಕ್ಟರಿನಲ್ಲಿ ಯಾವ ಬದಿ ಪ್ಲಸ್ ಎಂಬುದಕ್ಕೆ ಒಮ್ಮತವಿಲ್ಲ. ಸರಾಗವಾಗಿ ಕೂತ ಪ್ಲಗ್ಗು ತಲೆಕೆಳಗಾಗಿದ್ದು ಬೋರ್ಡು ಸುಡುವುದು ಸಾಮಾನ್ಯ ಅವಘಡ. ತಂತಿಗಳು ಹೊರಡುವ ಕಡೆ ಹಳದಿ ಟೇಪಿನ ಕೆಳಗೆ ಪುಟ್ಟ ರಕ್ಷಣಾ ಸರ್ಕ್ಯೂಟ್ ಇರಬೇಕು. ಅದಿಲ್ಲದ ಬರೀ ಪ್ಯಾಕ್ ಕೊಳ್ಳಬೇಡಿ.

ಚಾರ್ಜ್ ಮಾಡುವಾಗ ಬ್ಯಾಕ್‌ಲೈಟ್ ಆರಿಸಿಡಿ. ಅಗ್ಗದ ಬೋರ್ಡುಗಳಲ್ಲಿ ದೀಪ ಮತ್ತು ಬ್ಯಾಟರಿ ಒಂದೇ ತಂತಿಯಿಂದ ಕರೆಂಟು ಪಡೆಯುತ್ತವೆ. ಕರೆಂಟು ತೀರಾ ಕಡಿಮೆಯಾದಾಗ ಬ್ಯಾಟರಿ ತುಂಬಿತು ಎಂದು ಚಾರ್ಜರ್ ಐಸಿ ತಿಳಿಯುತ್ತದೆ. ದೀಪ ಉರಿಯುತ್ತಿದ್ದರೆ ಅದು ಕಡಿಮೆಯಾಗುವುದೇ ಇಲ್ಲ, ಚಾರ್ಜ್ ನಿಲ್ಲುವುದೂ ಇಲ್ಲ. ಚಾರ್ಜಿಂಗ್ ದೀಪ ಹಸಿರಿಗೆ ತಿರುಗದೆ ಇಡೀ ದಿನ ಕೆಂಪಾಗಿಯೇ ಇದ್ದರೆ ಮೊದಲು ಬ್ಯಾಕ್‌ಲೈಟ್ ಆರಿಸಿ ನೋಡಿ.

ಲಿಥಿಯಂ ಪ್ಯಾಕಿಗೆ ಶಾಖ ಆಗದು. 45 ಡಿಗ್ರಿ ಮೀರಿದಾಗ ಚಾರ್ಜ್ ಮಾಡಬಾರದು. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಕೋಣೆಯೇ 40ರ ಹತ್ತಿರ ಬರುತ್ತದೆ, ಚಾರ್ಜಿನ ಶಾಖವೂ ಸೇರಿ ಸುಲಭವಾಗಿ ಆ ಮಿತಿ ದಾಟುತ್ತದೆ. ಅಂಥ ದಿನಗಳಲ್ಲಿ ಬೆಳಗಿನ ಜಾವದಲ್ಲೋ ರಾತ್ರಿಯೋ ಚಾರ್ಜ್ ಮಾಡಿ. ತಿಂಗಳುಗಟ್ಟಲೆ ಬಳಸದೆ ಇಡುವುದಿದ್ದರೆ ಅರ್ಧದಷ್ಟು ಚಾರ್ಜಿನಲ್ಲಿ ಸ್ವಿಚ್ ಆಫ್ ಮಾಡಿ ಇಡಿ. ಕೀಬೋರ್ಡ್ ಮೇಜಿನ ಮೇಲೆ ಸಮನಾಗಿ ಕೂರದೆ ಅಲುಗಾಡತೊಡಗಿದರೆ ಪ್ಯಾಕ್ ಉಬ್ಬಿರಬಹುದು. ಅದನ್ನು ಮತ್ತೆ ಚಾರ್ಜ್ ಮಾಡಬೇಡಿ, ಒತ್ತಬೇಡಿ, ಚುಚ್ಚಬೇಡಿ.

## ಹಂತ 4: ಬೆಳಕನ್ನು ಹದಕ್ಕೆ ತನ್ನಿ

ಕೀಬೋರ್ಡಿನ ದೀಪ ಮಂದವಾಗುವುದು ಕರೆಂಟನ್ನು ವೇಗವಾಗಿ ಹಚ್ಚಿ ಆರಿಸುವುದರಿಂದ. 25 ಶೇಕಡಾ ಎಂದರೆ ಕಾಲು ಭಾಗದ ಸಮಯ ಉರಿದು ಮುಕ್ಕಾಲು ಭಾಗ ಆರಿರುತ್ತದೆ. ಹಾಗಾಗಿ ಖರ್ಚೂ ನೇರವಾಗಿ ಕಾಲು ಭಾಗಕ್ಕೆ ಇಳಿಯುತ್ತದೆ. ಆದರೆ ನಮ್ಮ ಕಣ್ಣು ಹಾಗೆ ಎಣಿಸುವುದಿಲ್ಲ. ಮಂದ ಬೆಳಕಿನ ವ್ಯತ್ಯಾಸಗಳನ್ನು ಅದು ಚೆನ್ನಾಗಿ ಗುರುತಿಸುತ್ತದೆ, ಪ್ರಖರ ಬೆಳಕಿನ ವ್ಯತ್ಯಾಸಗಳನ್ನು ಅಷ್ಟಾಗಿ ಗುರುತಿಸುವುದಿಲ್ಲ. ಪರದೆಗಳಿಗೆ ಬಳಸುವ 2.2 ಗಾಮಾ ಲೆಕ್ಕದಂತೆ, ಕಾಲು ಭಾಗ ಕರೆಂಟಿನ ದೀಪ ಕಣ್ಣಿಗೆ ಅರ್ಧಕ್ಕಿಂತ ತುಸು ಹೆಚ್ಚೇ ಪ್ರಕಾಶವಾಗಿ ಕಾಣುತ್ತದೆ. ಉಳಿತಾಯವೆಲ್ಲ ಇರುವುದು ಈ ಅಂತರದಲ್ಲಿ.

4000 ಎಂಎಎಚ್ ಪ್ಯಾಕಿನ ಒಂದು ಮೆಕ್ಯಾನಿಕಲ್ ಕೀಬೋರ್ಡನ್ನು ಉದಾಹರಣೆಗೆ ಹಿಡಿಯೋಣ. ಪೂರ್ತಿ ಬೆಳಕಿನಲ್ಲಿ ದೀಪಕ್ಕೆ 60 ಮಿಲಿಯಾಂಪ್, ದಿನಕ್ಕೆ 8 ಗಂಟೆ ಬೆಳಕು, ದೀಪ ಬಿಟ್ಟು ಉಳಿದ ಖರ್ಚು ದಿನಕ್ಕೆ 10 ಎಂಎಎಚ್, ಪ್ಯಾಕಿನಲ್ಲಿ ನಿಜಕ್ಕೂ ಸಿಗುವುದು 3600 ಎಂಎಎಚ್ ಎಂದಿಟ್ಟುಕೊಳ್ಳಿ.

| ದೀಪದ ಕರೆಂಟು | ಕಣ್ಣಿಗೆ ಕಾಣುವ ಬೆಳಕು | ದಿನದ ಖರ್ಚು | ಬಾಳಿಕೆ |
|---|---|---|---|
| 100% | 100% | 490 ಎಂಎಎಚ್ | 7 ದಿನ |
| 50% | 73% | 250 ಎಂಎಎಚ್ | 14 ದಿನ |
| 25% | 53% | 130 ಎಂಎಎಚ್ | 27 ದಿನ |
| 10% | 35% | 58 ಎಂಎಎಚ್ | 62 ದಿನ |

ಕತ್ತಲ ಕೋಣೆಯಲ್ಲಿ ಅಕ್ಷರ ಕಾಣಲು ಕೊನೆಯ ಸಾಲಿನ ಬೆಳಕು ಧಾರಾಳ. ಹಗಲಿನಲ್ಲಿ ಮೊದಲ ಸಾಲಿನ ಬೆಳಕೂ ಕಾಣುವುದಿಲ್ಲ. ಆದ್ದರಿಂದ ಹಗಲು ಪೂರ್ತಿ ಆರಿಸಿ, ರಾತ್ರಿ ಅತಿ ಕೆಳಗಿನ ಒಂದೆರಡು ಮೆಟ್ಟಿಲಿನಲ್ಲಿ ಇಡುವುದೇ ಸರಿ. ನಡುವಿನ ಮೆಟ್ಟಿಲುಗಳಿಂದ ಯಾರಿಗೂ ಪ್ರಯೋಜನವಿಲ್ಲ.

ನಿಮ್ಮ ಕೀಬೋರ್ಡಿನ ಪ್ರತಿ ಮೆಟ್ಟಿಲಿನ ಖರ್ಚು ತಿಳಿಯುವುದು ಸುಲಭ. ಬ್ಯಾಟರಿ ಪೂರ್ತಿ ತುಂಬಿದ ಮೇಲೆ ಯುಎಸ್‌ಬಿ ಮೀಟರಿನ ಮೂಲಕ ಕೇಬಲ್ ಜೋಡಿಸಿ. ದೀಪ ಆರಿಸಿ ಕರೆಂಟು ಬರೆದುಕೊಳ್ಳಿ. ಒಂದೊಂದೇ ಮೆಟ್ಟಿಲು ಏರಿಸುತ್ತಾ ಪ್ರತಿ ಸಲದ ಕರೆಂಟಿನಿಂದ ಮೊದಲಿನದನ್ನು ಕಳೆಯಿರಿ. ಕೆಲವು ಕೀಬೋರ್ಡುಗಳು ಕೇಬಲ್ ಇದ್ದಾಗ ತಾವಾಗಿಯೇ ಬೆಳಕು ಹೆಚ್ಚಿಸುತ್ತವೆ. ಕೇಬಲ್ ಕಿತ್ತೊಡನೆ ಬೆಳಕು ಮಂದವಾದರೆ ಅಂಕಿಗಳನ್ನು ಮೆಟ್ಟಿಲುಗಳ ನಡುವಿನ ಹೋಲಿಕೆಗೆ ಮಾತ್ರ ಬಳಸಿ.

ಬಣ್ಣವೂ ಲೆಕ್ಕಕ್ಕೆ ಬರುತ್ತದೆ. ಆರ್‌ಜಿಬಿ ಕೀಬೋರ್ಡಿನಲ್ಲಿ ಬಿಳಿ ಎಂದರೆ ಕೆಂಪು, ಹಸಿರು, ನೀಲಿ ಮೂರೂ ಉರಿಯುವುದು. ಕೆಂಪೊಂದನ್ನೇ ಇಟ್ಟರೆ ಖರ್ಚು ಸುಮಾರು ಮೂರನೇ ಒಂದು. ಅಲೆ, ಮಳೆಬಿಲ್ಲು ಮುಂತಾದ ಚಲಿಸುವ ವಿನ್ಯಾಸಗಳು ದೀಪದ ಜೊತೆಗೆ ಚಿಪ್ಪನ್ನೂ ಮಲಗಲು ಬಿಡುವುದಿಲ್ಲ.

## ದೀಪ ಆರಿದ್ದರೂ ಬ್ಯಾಟರಿ ಖಾಲಿಯಾದರೆ

ಕೈಯಾರೆ ಕಟ್ಟಿದ ಕೀಬೋರ್ಡುಗಳಲ್ಲಿ ಇದು ಪದೇ ಪದೇ ಎದುರಾಗುತ್ತದೆ. ಕಾರ್ನ್ ಎಂಬ 42 ಕೀಲಿಯ, ಎರಡು ಹೋಳಿನ ಕೀಬೋರ್ಡನ್ನೇ ನೋಡಿ. ಒಂದೊಂದು ಹೋಳಿನಲ್ಲಿ 21 ಕೀಲಿ, ಅವುಗಳ ಕೆಳಗೆ 21 ಮತ್ತು ತಳಭಾಗದಲ್ಲಿ 6, ಒಟ್ಟು 27 ಆರ್‌ಜಿಬಿ ದೀಪ. ಇವು ಡಬ್ಲ್ಯುಎಸ್2812 ಬಗೆಯವು, ಪ್ರತಿ ದೀಪದ ಒಳಗೂ ತನ್ನದೇ ಪುಟ್ಟ ಚಿಪ್ ಇರುತ್ತದೆ. ಬಣ್ಣವನ್ನು ಕಪ್ಪಿಗೆ ಇಟ್ಟರೂ ಆ ಚಿಪ್ ಎಚ್ಚರವಾಗಿದ್ದು ಸುಮಾರು 0.7 ಮಿಲಿಯಾಂಪ್ ಎಳೆಯುತ್ತದೆ. 27 ದೀಪಕ್ಕೆ 19 ಮಿಲಿಯಾಂಪ್. 110 ಎಂಎಎಚ್ ಪ್ಯಾಕ್ ಆರು ಗಂಟೆಯೂ ಬರುವುದಿಲ್ಲ, ಅದೂ ಒಂದು ದೀಪವೂ ಉರಿಯದೆ.

ಪರಿಹಾರ ಒಂದೇ: ದೀಪಗಳಿಗೆ ಹೋಗುವ ಕರೆಂಟನ್ನೇ ಕಡಿಯುವುದು. ನೈಸ್ ನ್ಯಾನೋ ಬೋರ್ಡಿನಲ್ಲಿ ಅದಕ್ಕೆಂದೇ ಸ್ವಿಚ್ ಸರ್ಕ್ಯೂಟ್ ಇದೆ, ಝಡ್‌ಎಂಕೆ ಫರ್ಮ್‌ವೇರ್ ಅದನ್ನು ಬಳಸುತ್ತದೆ. ನಿಮ್ಮ ಕೀಬೋರ್ಡಿನ `.conf` ಫೈಲಿನಲ್ಲಿ ಹೀಗೆ ಬರೆಯಿರಿ:

```
CONFIG_ZMK_SLEEP=y
CONFIG_ZMK_IDLE_TIMEOUT=30000
CONFIG_ZMK_IDLE_SLEEP_TIMEOUT=600000
CONFIG_ZMK_RGB_UNDERGLOW_AUTO_OFF_IDLE=y
CONFIG_ZMK_RGB_UNDERGLOW_ON_START=n
CONFIG_ZMK_RGB_UNDERGLOW_BRT_MAX=20
```

ಸಮಯಗಳು ಮಿಲಿಸೆಕೆಂಡಿನಲ್ಲಿವೆ. 30 ಸೆಕೆಂಡ್ ಕೀಲಿ ಒತ್ತದಿದ್ದರೆ ದೀಪ ಆರುತ್ತದೆ, 10 ನಿಮಿಷಕ್ಕೆ ಕೀಬೋರ್ಡ್ ಗಾಢ ನಿದ್ರೆಗೆ ಹೋಗುತ್ತದೆ. ನಿದ್ರೆಯಿಂದ ಎದ್ದು ಬ್ಲೂಟೂತ್ ಮತ್ತೆ ಕೂಡಿಕೊಳ್ಳಲು ತುಸು ಹೊತ್ತು ಬೇಕು, ಮೊದಲ ಕೀಲಿ ತಪ್ಪಬಹುದು. ಅದು ಕಿರಿಕಿರಿಯಾದರೆ ನಿದ್ರೆಯ ಸಮಯ ಹೆಚ್ಚಿಸಿ, ದೀಪದ ಸಮಯ ಹೆಚ್ಚಿಸಬೇಡಿ. ಕೊನೆಯ ಸಾಲು ಬೆಳಕಿನ ಮಿತಿ. 27 ದೀಪಗಳೂ ಪೂರ್ತಿ ಬಿಳಿಯಾಗಿ ಉರಿದರೆ ಒಂದು ಆಂಪಿನ ಹತ್ತಿರ ಕರೆಂಟು ಬೇಕಾಗಬಹುದು, 110 ಎಂಎಎಚ್ ಪ್ಯಾಕ್ ಅದನ್ನು ಕೊಡಲಾರದು. ಬೆಳಕು ಏರಿಸಿದೊಡನೆ ಕೀಬೋರ್ಡ್ ಸತ್ತು ಮತ್ತೆ ಹುಟ್ಟುತ್ತಿದ್ದರೆ ಕಾರಣ ಇದೇ.

ಕರೆಂಟು ಕಡಿಯುವುದನ್ನು ಕೀಲಿಯಿಂದಲೇ ಮಾಡಬೇಕೆಂದರೆ ಕೀಮ್ಯಾಪಿನ ಮೇಲ್ಭಾಗದಲ್ಲಿ ಮೊದಲ ಸಾಲನ್ನು ಸೇರಿಸಿ, ಬೇಕಾದ ಕೀಲಿಯ ಜಾಗದಲ್ಲಿ ಎರಡನೆಯದನ್ನು ಬರೆಯಿರಿ:

```
#include <dt-bindings/zmk/ext_power.h>
&ext_power EP_TOG
```

ಓಎಲ್‌ಇಡಿ ಪರದೆ ಇದ್ದರೆ ಅದೂ ಇದೇ ಕರೆಂಟಿನಲ್ಲಿ ನಡೆಯುವುದರಿಂದ ದೀಪದ ಜೊತೆ ಆರುತ್ತದೆ. ಮತ್ತೆ ಹಚ್ಚಿದಾಗ ಪರದೆ ಖಾಲಿಯಾಗಿಯೇ ಉಳಿದರೆ ರೀಸೆಟ್ ಒತ್ತಿ.

ಎರಡು ಹೋಳುಗಳಲ್ಲಿ ಒಂದು ಬೇಗ ಖಾಲಿಯಾದರೆ ಪ್ಯಾಕ್ ಕೆಟ್ಟಿದೆ ಎಂದುಕೊಳ್ಳಬೇಡಿ. ಕಂಪ್ಯೂಟರಿನ ಜೊತೆ ಮಾತಾಡುವ ಹೋಳು, ಸಾಮಾನ್ಯವಾಗಿ ಎಡಗಡೆಯದು, ಇನ್ನೊಂದು ಹೋಳಿನ ಮಾತನ್ನೂ ಕೇಳಿಸಿಕೊಳ್ಳಬೇಕು. ಅದರ ಖರ್ಚು ಎಷ್ಟೋ ಪಟ್ಟು ಹೆಚ್ಚು. ದೊಡ್ಡ ಪ್ಯಾಕ್ ಒಂದೇ ಇದ್ದರೆ ಅದನ್ನು ಆ ಹೋಳಿಗೆ ಹಾಕಿ. ಒಂದಕ್ಕೆ ಕೇಬಲ್ ಹಾಕಿದರೆ ಇನ್ನೊಂದು ಚಾರ್ಜ್ ಆಗುವುದಿಲ್ಲ, ಎರಡನ್ನೂ ಬೇರೆ ಬೇರೆಯಾಗಿ ಚಾರ್ಜ್ ಮಾಡಬೇಕು.

ಝಡ್‌ಎಂಕೆ ತೋರಿಸುವ ಬ್ಯಾಟರಿ ಶೇಕಡಾ ಲಿಥಿಯಂ ಅಯಾನ್ ಪ್ಯಾಕಿಗೆ ಹೊಂದಿಸಿದ್ದು: 4.2 ವೋಲ್ಟಿಗೆ 100, 3.45 ವೋಲ್ಟಿಗೆ 0. ಸಿಆರ್2032 ಹಾಕಿದ ಕೀಬೋರ್ಡಿನಲ್ಲಿ ಹೊಸ ಸೆಲ್ಲಿಗೂ ಅದು ಸೊನ್ನೆ ತೋರಿಸುತ್ತದೆ. ಅಲ್ಲಿ ಆ ಅಂಕಿಯನ್ನು ನೋಡಿ ಸೆಲ್ ಬದಲಿಸಬೇಡಿ, 470 ಓಮ್ ಪರೀಕ್ಷೆಯನ್ನೇ ನಂಬಿ.